‘ಖಾಲಿ ಹೊಟ್ಟೆಯಲ್ಲಿ ಬನ್ನಿ’: ಚೀಟಿ ಹೇಳದೆ ಬಿಟ್ಟದ್ದು

ರಕ್ತಪರೀಕ್ಷೆಗೆ ಮೊದಲು ಲ್ಯಾಬಿನವರು ಕೊಡುವ ಸೂಚನೆ ಹಲವು ಕಡೆ ಒಂದೇ ಸಾಲಿನದು: ‘ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ.’ ಮೊದಲ ಸಲ ಹೋಗುವವರಿಗೆ ಹುಟ್ಟುವ ಒಂದು ಪ್ರಶ್ನೆಗೂ ಆ ಸಾಲಿನಲ್ಲಿ ಉತ್ತರವಿಲ್ಲ. ಹೀಗಾಗಿ ಜನ ತಮಗೆ ತೋಚಿದಂತೆ ಅರ್ಥಮಾಡಿಕೊಳ್ಳುತ್ತಾರೆ. ಕುಡಿಯಬೇಕಾದ ನೀರನ್ನು ಬಿಡುತ್ತಾರೆ, ಬಿಡಬೇಕಾದ ಟೀಯನ್ನು ಕುಡಿದು ಬರುತ್ತಾರೆ. ಕೆಲವು ಲ್ಯಾಬುಗಳು ಪ್ರಶ್ನೋತ್ತರದ ಹಾಳೆಯನ್ನೂ ಕೊಡುತ್ತವೆ. ಅದು ಒಳ್ಳೆಯ ಕೆಲಸವೇ. ಆದರೆ ಅಲ್ಲಿಯೂ ಟೀ, ಗಮ್, ನೀರು, ಮಾತ್ರೆ ಎಲ್ಲಕ್ಕೂ ಒಂದೇ ಅಳತೆಯ ಉತ್ತರ ಇರುವುದೇ ನನ್ನ ಆಕ್ಷೇಪ.

ಟೀಯ ಉತ್ತರ ಸುಲಭ: ಬೇಡ. ‘ಅರ್ಧ ಲೋಟ ತಾನೇ’ ಎಂಬ ಮಾತು ನಡೆಯುವುದಿಲ್ಲ. ಫಾಸ್ಟಿಂಗ್ ಶುಗರ್‌ಗೆ ಕನಿಷ್ಠ 8 ಗಂಟೆ ಯಾವ ಕ್ಯಾಲರಿಯೂ ಒಳಗೆ ಹೋಗಿರಬಾರದು. ನಮ್ಮ ಟೀಯಲ್ಲಿ ಸಕ್ಕರೆಯ ಜೊತೆಗೆ ಹಾಲಿನ ಸಕ್ಕರೆ, ಹಾಲಿನ ಕೊಬ್ಬು ಎರಡೂ ಇರುತ್ತವೆ. ಈ ಪರೀಕ್ಷೆಯಲ್ಲಿ 100ಕ್ಕಿಂತ ಕಡಿಮೆ ಬಂದರೆ ಸಹಜ, 126 ಅಥವಾ ಹೆಚ್ಚು ಬಂದರೆ ಮಧುಮೇಹದ ಲೆಕ್ಕ. ನಡುವಿನ ಅಂತರ ಇಷ್ಟು ಸಣ್ಣದಾದ್ದರಿಂದ ಒಂದು ಲೋಟ ಟೀ ಒಬ್ಬರನ್ನು ಗೆರೆಯ ಆಚೆಗೆ ದಾಟಿಸಿಬಿಡಬಹುದು. ಸಕ್ಕರೆ, ಹಾಲು ಇಲ್ಲದ ಕಪ್ಪು ಟೀಯಲ್ಲೂ ಕೆಫೀನ್ ಇರುವುದರಿಂದ ಅದನ್ನೂ ಬಿಡುವುದೇ ಸರಿ. ಚೂಯಿಂಗ್ ಗಮ್ ವಿಷಯವೂ ಹಾಗೆಯೇ. ಸಕ್ಕರೆಯಿಲ್ಲದ್ದಾದರೂ ಅಗಿಯುವ ಕೆಲಸವೇ ಜೀರ್ಣಾಂಗಗಳನ್ನು ಎಬ್ಬಿಸುತ್ತದೆ. ಎಲೆಅಡಿಕೆಯನ್ನೂ ಈ ಸಾಲಿಗೇ ಸೇರಿಸಬೇಕು. ನಮ್ಮಲ್ಲಿ ಗಮ್‌ಗಿಂತ ಅದರ ಪ್ರಶ್ನೆಯೇ ಮೊದಲು ಬರಬೇಕಿತ್ತು.

ನೀರು ಕುಡಿಯಿರಿ, ಬಾಯಾರಿದಷ್ಟು. ರಾತ್ರಿಯಿಡೀ ನೀರು ಬಿಟ್ಟು ಬಂದವರ ನರ ಸಿಗದೆ ಎರಡು ಮೂರು ಕಡೆ ಚುಚ್ಚಬೇಕಾಗುತ್ತದೆ. ಆದರೆ ಅದು ಬರೀ ನೀರಾಗಿರಬೇಕು. ನಿಂಬೆ-ಜೇನುತುಪ್ಪದ ಬಿಸಿನೀರು, ಎಳನೀರು, ಬೆಲ್ಲದ ಕಷಾಯ ಇವನ್ನೆಲ್ಲ ‘ನೀರೇ ಅಲ್ಲವೇ’ ಎಂದು ಕುಡಿಯುವ ಮನೆಗಳಿವೆ. ಹಾಳೆಯಲ್ಲಿ ಇವುಗಳ ಹೆಸರು ಬರೆಯದಿದ್ದರೆ ಸೂಚನೆ ಅರ್ಧಕ್ಕೇ ನಿಂತಂತೆ.

ಹಾಳೆ ನಿಜವಾಗಿ ಸೋಲುವುದು ಮಾತ್ರೆಗಳ ವಿಷಯದಲ್ಲಿ. ‘ವೈದ್ಯರನ್ನು ಕೇಳಿ’ ಎಂದಷ್ಟೇ ಬರೆದು ಮುಗಿಸುತ್ತಾರೆ. ಹಿಂದಿನ ರಾತ್ರಿ ಒಂಬತ್ತಕ್ಕೆ ಚೀಟಿ ಓದುವವರು ಯಾರನ್ನು ಕೇಳಬೇಕು? ಒಬ್ಬ ಹಿರಿಯ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಅವರಿಗೆ ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ, ಶುಗರ್‌ಗೆ ಗ್ಲಿಮೆಪಿರೈಡ್ ಮೂರೂ ಇವೆ. ನಾಳೆ ಫಾಸ್ಟಿಂಗ್ ಶುಗರ್, ಊಟದ ನಂತರದ ಶುಗರ್, ಥೈರಾಯ್ಡ್ ಪರೀಕ್ಷೆ ಆಗಬೇಕು. ಬಿಪಿ ಮಾತ್ರೆಯನ್ನು ಸಾಮಾನ್ಯವಾಗಿ ಎಂದಿನ ಹೊತ್ತಿಗೆ ನೀರಿನ ಜೊತೆ ನುಂಗಬಹುದು. ಗ್ಲಿಮೆಪಿರೈಡ್ ಮಾತ್ರ ಅಪಾಯದ್ದು. ತಿಂಡಿಯಿಲ್ಲದೆ ಅದನ್ನು ನುಂಗಿ ಲ್ಯಾಬಿನ ಸರತಿಯಲ್ಲಿ ಕೂತರೆ ಶುಗರ್ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಬೆಳಗಿನ ಇನ್ಸುಲಿನ್‌ಗೂ ಇದೇ ಎಚ್ಚರಿಕೆ. ಥೈರಾಯ್ಡ್ ಮಾತ್ರೆ ನುಂಗಿದ ಕೆಲವು ಗಂಟೆ ರಕ್ತದಲ್ಲಿ ಟಿ4 ಏರಿರುತ್ತದೆ. ಆದ್ದರಿಂದ ಟಿ4 ನೋಡುವುದಿದ್ದರೆ ರಕ್ತ ಕೊಟ್ಟ ಮೇಲೆ ನುಂಗುವುದು ಮೇಲು.

ಹಾಗಾದರೆ ಅವರ ಬೆಳಗು ಹೀಗಿರಬೇಕು: ರಾತ್ರಿ ಎಂಟೂವರೆಗೆ ಊಟ ಮುಗಿಸಿ, ಬೆಳಿಗ್ಗೆ ಬಿಪಿ ಮಾತ್ರೆಯನ್ನು ನೀರಿನಲ್ಲಿ ನುಂಗಿ, ಏಳು ಗಂಟೆಗೆ ರಕ್ತ ಕೊಡುವುದು. ಕೂಡಲೇ ಥೈರಾಯ್ಡ್ ಮಾತ್ರೆ. ಅದಕ್ಕೆ ಅರ್ಧ ಗಂಟೆಯಾದರೂ ಖಾಲಿ ಹೊಟ್ಟೆ ಬೇಕಾದ್ದರಿಂದ ಏಳೂವರೆಯ ನಂತರ ಶುಗರ್ ಮಾತ್ರೆಯ ಜೊತೆ ಎಂದಿನ ತಿಂಡಿ. ಎರಡನೆಯ ರಕ್ತಕ್ಕೆ ಎರಡು ಗಂಟೆಯನ್ನು ತಿಂಡಿಯ ಮೊದಲ ತುತ್ತಿನಿಂದ ಎಣಿಸಬೇಕು, ಕೈ ತೊಳೆದ ಹೊತ್ತಿನಿಂದಲ್ಲ. ಶುಗರ್ ಮಾತ್ರೆಯನ್ನು ಆ ದಿನ ಬಿಟ್ಟರೆ ಆ ಅಂಕಿ ಅವರ ಔಷಧದ ಬಗ್ಗೆ ಏನನ್ನೂ ಹೇಳದು.

ಇಷ್ಟನ್ನು ಬರೆಯಲು ಅರ್ಧ ಪುಟ ಸಾಕು. ಆದರೆ ಯಾವ ಪರೀಕ್ಷೆ, ಯಾವ ಮಾತ್ರೆ ಎಂದು ಮೊದಲು ಕೇಳಿಕೊಂಡವರೇ ಅದನ್ನು ಬರೆಯಬಲ್ಲರು. ಹಾಗೆ ಕೇಳಿದರೆ ಉಪವಾಸವೇ ಬೇಡವಾದ ಸಂದರ್ಭಗಳೂ ಕಾಣುತ್ತವೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ. ಅನೇಕರ ಕೊಲೆಸ್ಟರಾಲ್ ಪರೀಕ್ಷೆಯನ್ನೂ ಉಪವಾಸವಿಲ್ಲದೆ ಮಾಡಬಹುದು. ಟ್ರೈಗ್ಲಿಸರೈಡ್ ತೀರ ಹೆಚ್ಚು ಬಂದರೆ ಮಾತ್ರ ಉಪವಾಸವಿದ್ದು ಮತ್ತೆ ಕೊಡಬೇಕು.

ಮರೆತು ಟೀ ಕುಡಿದವರು ಏನು ಮಾಡಬೇಕೆಂಬುದನ್ನು ಚೀಟಿಯ ಕೊನೆಯಲ್ಲಿ ಸೇರಿಸಬೇಕು. ರಕ್ತ ತೆಗೆಯುವವರಿಗೆ ಹೇಳಿಬಿಡಿ, ಬೈಯುತ್ತಾರೆಂದು ಮುಚ್ಚಿಡಬೇಡಿ. ಉಪವಾಸ ಬೇಡದ ಪರೀಕ್ಷೆಗಳಿಗೆ ಅಂದೇ ರಕ್ತ ಕೊಟ್ಟು, ಫಾಸ್ಟಿಂಗ್ ಶುಗರ್‌ಗೆ ಮರುದಿನ ಬೆಳಿಗ್ಗೆ ಹೋದರಾಯಿತು.