ಕವಯಿತ್ರಿಯನ್ನು ದೂರುವ ಮುನ್ನ ಆ ಪತ್ರ ಓದಿ

ಹೆಸರಿಡುವ ಕಸುಬಿನವರು ಸೇರಿದಲ್ಲೆಲ್ಲ ಮೇರಿಯನ್ ಮೂರ್ ಮತ್ತು ಫೋರ್ಡ್ ಕಂಪನಿಯ ಪತ್ರವ್ಯವಹಾರದ ಕಥೆ ಬಂದೇ ಬರುತ್ತದೆ. 1955ರ ಅಕ್ಟೋಬರಿನಲ್ಲಿ ಫೋರ್ಡ್‌ನ ರಾಬರ್ಟ್ ಯಂಗ್ ಎಂಬವರು ಬ್ರೂಕ್ಲಿನ್‌ನ ಆ ಹಿರಿಯ ಕವಯಿತ್ರಿಗೆ ಬರೆದು, ಹೊಸ ಕಾರಿಗೆ ಹೆಸರು ಸೂಚಿಸಿ ಎಂದು ಕೇಳಿಕೊಂಡರು. ಮೂರ್ ಹುರುಪಿನಿಂದ ಕಂತು ಕಂತಾಗಿ ಹೆಸರು ಕಳಿಸಿದರು. ಕಂಪನಿ ಒಂದನ್ನೂ ತೆಗೆದುಕೊಳ್ಳದೆ ಮರುವರ್ಷ ಕಾರಿಗೆ ‘ಎಡ್ಸೆಲ್’ ಎಂದು ಹೆಸರಿಟ್ಟಿತು. 1957ರಲ್ಲಿ ‘ನ್ಯೂಯಾರ್ಕರ್’ ಈ ಪತ್ರಗಳನ್ನು ಅಚ್ಚು ಹಾಕಿತು. ಅಂದಿನಿಂದ ಯಂಗ್ ಅವರ ಮೊದಲ ಪತ್ರಕ್ಕೆ ಒಂದು ಕೀರ್ತಿ ಅಂಟಿಕೊಂಡಿದೆ: ಎಂಥ ಸೊಗಸು, ಎಂಥ ವಿನಯ, ವ್ಯಾಪಾರಿಯೊಬ್ಬ ಹೀಗೂ ಬರೆಯಬಲ್ಲನೇ! ಪತ್ರವಾಗಿ ಸೊಗಸು ನಿಜ. ಬ್ರೀಫ್ ಆಗಿ ಅದಕ್ಕಿಂತ ಕೆಟ್ಟದ್ದನ್ನು ನಾನು ಹೆಚ್ಚು ಕಂಡಿಲ್ಲ.

ಅದರಲ್ಲಿ ಏನಿದೆ ನೋಡಿ. ಮಹತ್ವದ ಒಂದು ಹೊಸ ಕಾರು ಸರಣಿಗೆ ಹೆಸರು ಬೇಕು. ಅದು ಬರಿಯ ಚೀಟಿಯಾಗದೆ ತನ್ನಿಂದ ತಾನೇ ಸೆಳೆಯಬೇಕು. ಲಾಲಿತ್ಯ, ವೇಗ, ಮುಂದುವರಿದ ವಿನ್ಯಾಸ ಇವೆಲ್ಲ ಕೇಳಿದವರ ಕರುಳಿಗೇ ತಟ್ಟುವಂತಿರಬೇಕು. ತಾವೇ ಮಾಡಿಟ್ಟ ಮುನ್ನೂರು ಚಿಲ್ಲರೆ ಹೆಸರುಗಳು ಸಪ್ಪೆಯಾಗಿವೆ ಎಂದು ತಪ್ಪೊಪ್ಪಿಗೆಯೂ ಇದೆ. ಸಾರ ಇಷ್ಟೇ. ಧಾಟಿಯೊಂದನ್ನು ಬಿಟ್ಟರೆ ಇದರಲ್ಲಿ ಬೇರೇನೂ ಇಲ್ಲ. ಆ ಧಾಟಿಯೋ, ಯಾವ ಕಾರಿಗೆ ಬೇಕಾದರೂ ಹೊಂದುವಂಥದ್ದು. ಲಾಲಿತ್ಯ ಬೇಡ, ನಿಧಾನ ಸಾಕು ಎಂದು ಯಾವ ಕಾರು ಕಂಪನಿ ಕೇಳೀತು? ಬೆಂಗಳೂರಿನಲ್ಲಿ ಇಂದಿಗೂ ಗ್ರಾಹಕರು ‘ಮಾಡರ್ನ್ ಆಗಿರಲಿ, ಆದರೆ ನಮ್ಮತನ ಬಿಡಬೇಡಿ’ ಎನ್ನುವುದು ಇದೇ ಜಾತಿಯ ಮಾತು. ಅದು ಯಾವ ಹೆಸರನ್ನೂ ಹೊರಗೆ ತಳ್ಳುವುದಿಲ್ಲ. ತಳ್ಳಲಾರದ ಮಾತಿಗೆ ಬ್ರೀಫ್‌ನಲ್ಲಿ ಕೆಲಸವಿಲ್ಲ.

ಮೂರ್ ಕೊಟ್ಟ ಹೆಸರುಗಳನ್ನು ಹಿಡಿದರೆ ಪತ್ರದಲ್ಲಿ ಏನೇನು ಬಿಟ್ಟುಹೋಗಿತ್ತು ಎಂಬುದು ಒಂದೊಂದಾಗಿ ಬಯಲಾಗುತ್ತದೆ. ಅವರ ಮೊದಲ ಸಲಹೆ ‘ಫೋರ್ಡ್ ಸಿಲ್ವರ್ ಸ್ವೋರ್ಡ್’, ಮತ್ತೊಂದು ‘ಫೋರ್ಡ್ ಫಾಬರ್ಜೆ’. ಎರಡರಲ್ಲೂ ಮುಂದೆ ಫೋರ್ಡ್ ಇದೆ. ಪತ್ರ ‘ಸರಣಿ’ ಎಂದಿತ್ತಲ್ಲ, ಅವರು ಹಾಗೆಯೇ ತಿಳಿದರು. ಆದರೆ ಆ ಕಾರು ಫೋರ್ಡ್ ಹೆಸರಿನಡಿ ಬರಬೇಕಾದದ್ದೇ ಅಲ್ಲ. ಮರ್ಕ್ಯುರಿ, ಲಿಂಕನ್‌ಗಳಂತೆ ಅದು ತನ್ನದೇ ವಿಭಾಗ, ತನ್ನದೇ ಡೀಲರುಗಳಿರುವ ಪ್ರತ್ಯೇಕ ಮಾರ್ಕು. ಹೆಸರು ಒಂಟಿಯಾಗಿ ನಿಲ್ಲಬೇಕು, ಮುಂದೆ ಊರುಗೋಲಿಲ್ಲ ಎಂಬ ಒಂದೇ ಒಂದು ವಾಕ್ಯ ಸಾಕಿತ್ತು. ಆ ನಿರ್ಬಂಧ ಗೊತ್ತಿಲ್ಲದವರು ಎರಡನೆಯ ಪದವನ್ನು ವಿಶೇಷಣದ ಹಾಗೆ ಹುಡುಕುತ್ತಾರೆ. ಗೊತ್ತಿದ್ದವರು ತಾನೇ ಕುಲನಾಮವಾಗಬಲ್ಲ ಪದವನ್ನು ಹುಡುಕುತ್ತಾರೆ. ಹುಡುಕುವ ಜಾಗವೇ ಬೇರೆ.

ಫಾಬರ್ಜೆಯ ವಿಷಯ ಇನ್ನೂ ಸ್ವಾರಸ್ಯ. ಆ ಹೆಸರಿನ ಸುಗಂಧದ್ರವ್ಯ ಆಗಲೇ ಅಂಗಡಿಯಲ್ಲಿತ್ತು. ಅದು ಮೂರ್‌ಗೆ ತಿಳಿದಿತ್ತು, ಅದರಿಂದೇನೂ ತೊಂದರೆಯಿಲ್ಲ ಎಂದೂ ಅವರು ಬರೆದರು. ಅವರ ಮನಸ್ಸಿನಲ್ಲಿದ್ದುದು ರಷ್ಯಾದ ಹಳೆಯ ಆಭರಣಕಾರ. ಕವಿತೆಯಲ್ಲಾದರೆ ಇಂಥ ನೆನಪಿನ ಎಳೆ ಲಾಭ. ವ್ಯಾಪಾರದ ಹೆಸರಿನಲ್ಲಿ ಅದು ವಕೀಲರ ಮೇಜಿಗೆ ಹೋಗುವ ಕಾಗದ. ಬಿಡಬೇಕಾದ ಹೆಸರುಗಳ ಪಟ್ಟಿ ಎಂಬುದು ಇರುವುದೇ ಇದಕ್ಕೆ: ಬೇರೆಯವರ ಮಾರ್ಕುಗಳು, ಎದುರಾಳಿಗಳ ಕಾರುಗಳು, ಕಂಪನಿಯೇ ಒಮ್ಮೆ ಪರೀಕ್ಷಿಸಿ ಕೈಬಿಟ್ಟವು, ಮೇಲಿನವರಿಗೆ ಆಗದವು. ಫೋರ್ಡ್ ಬಳಿ ಆ ಮುನ್ನೂರು ಹೆಸರು ಕೈಯಲ್ಲೇ ಇದ್ದವು. ಹತ್ತನ್ನು ಆರಿಸಿ, ಇವು ಇಂತಿಂಥ ಕಾರಣಕ್ಕೆ ಸಪ್ಪೆ ಎಂದು ಬರೆದಿದ್ದರೆ ಮೂರ್‌ಗೆ ದಿಕ್ಕು ಸಿಗುತ್ತಿತ್ತು. ಸಪ್ಪೆ ಎಂದಷ್ಟೇ ಹೇಳಿದ್ದರಿಂದ ಅವರು ಅದರ ವಿರುದ್ಧ ದಿಕ್ಕಿಗೆ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಓಡಿದರು. ‘ಇಂಟೆಲಿಜೆಂಟ್ ವ್ಹೇಲ್’, ‘ಮಂಗೂಸ್ ಸಿವೀಕ್’, ‘ಪ್ಯಾಸ್ಟೆಲೊಗ್ರಾಂ’, ಕೊನೆಗೆ ಡಿಸೆಂಬರಿನಲ್ಲಿ ‘ಯುಟೋಪಿಯನ್ ಟರ್ಟಲ್‌ಟಾಪ್’.

ನಡುವೆ ಅವರೇ ಒಂದು ಒಳ್ಳೆಯ ಪ್ರಶ್ನೆ ಕೇಳಿದ್ದರು. ಇವು ಕಾರಿನ ಸ್ವಭಾವಕ್ಕೆ ಒಗ್ಗದಿದ್ದರೆ ಅದರ ರೂಪದ ಒಂದು ರೇಖಾಚಿತ್ರವನ್ನೋ ಸುಳಿವನ್ನೋ ಕೊಡಬಹುದೇ ಎಂದು. ಬ್ರೀಫ್ ಬರೆಯಬೇಕಾದವರು ಮೊದಲೇ ಕೊಡಬೇಕಾದದ್ದನ್ನು ಹೆಸರು ಕೊಡುವವರು ಬೇಡಿ ಪಡೆಯಬೇಕಾಯಿತು. ನಮ್ಮ ರಸಿಕ ವಿಮರ್ಶಕರು ಈ ವಾಕ್ಯವನ್ನು ದಾಟಿ ಆಮೆಯ ಹತ್ತಿರ ಓಡುತ್ತಾರೆ.

ಎರಡು ಗುಂಪಿನವರ ಮೇಲೆ ನನ್ನ ತಕರಾರಿದೆ. ಸಾಹಿತ್ಯದವರಿಗೆ ಇದು ಪ್ರತಿಭೆಯನ್ನು ಗುರುತಿಸದ ಬಂಡವಾಳದ ಕಥೆ. ಮ್ಯಾನೇಜ್‌ಮೆಂಟ್ ಪಾಠದವರಿಗೆ ಇದು ಕವಿಗಳನ್ನು ಕರೆದರೆ ಹೀಗೇ ಆಗುತ್ತದೆ ಎಂಬ ನಗೆಪಾಠ. ಇಬ್ಬರೂ ಉತ್ತರಗಳನ್ನು ಓದುತ್ತಾರೆ, ಪ್ರಶ್ನೆಯನ್ನು ಓದುವುದಿಲ್ಲ. ಎರಡನೆಯವರು ಇನ್ನೂ ಮುಂದೆ ಹೋಗಿ, ಎಡ್ಸೆಲ್ ಸೋತದ್ದೇ ಹೆಸರಿನಿಂದ ಎನ್ನುತ್ತಾರೆ. ಕಾರು ಬಂದದ್ದು 1957ರ ಸೆಪ್ಟೆಂಬರಿನಲ್ಲಿ, ಆರ್ಥಿಕ ಹಿಂಜರಿತ ಶುರುವಾಗುತ್ತಿದ್ದಾಗ. ಮಧ್ಯಮ ಬೆಲೆಯ ಕಾರುಗಳ ಪೇಟೆಯೇ ಕುಸಿಯಿತು, ತಯಾರಿಯ ದೋಷಗಳೂ ಇದ್ದವು. 1959ರ ನವೆಂಬರಿಗೆ ತಯಾರಿಕೆ ನಿಂತಿತು. ಹೆಸರು ಸಹಾಯ ಮಾಡಲಿಲ್ಲ, ಅಷ್ಟೆ. ಅದನ್ನೇ ಕೊಲೆಗಾರನೆಂದು ಕರೆಯುವುದು ಹೆಸರಿನ ವ್ಯಾಪಾರದವರು ತಮ್ಮ ದರ ಏರಿಸಿಕೊಳ್ಳುವ ದಾರಿ.

ಪತ್ರದ ಅಕ್ಷಮ್ಯ ಮೌನ ಮಾತ್ರ ಗ್ರಾಹಕರ ಕುರಿತಾದದ್ದು. ಈ ಕಾರು ಯಾರಿಗೆ ಎಂಬುದು ಫೋರ್ಡ್‌ಗೆ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ಆ ಯೋಜನೆ ಹುಟ್ಟಿದ್ದೇ ಅದರಿಂದ. ಅಗ್ಗದ ಫೋರ್ಡ್ ಓಡಿಸುತ್ತಿದ್ದವರು ಕೈಯಲ್ಲಿ ಕಾಸಾಡಿದಾಗ ಜನರಲ್ ಮೋಟಾರ್ಸ್‌ನ ಪಾಂಟಿಯಾಕ್, ಓಲ್ಡ್ಸ್‌ಮೊಬೀಲ್, ಬ್ಯೂಕ್‌ಗಳ ಕಡೆ ಹೊರಟುಹೋಗುತ್ತಿದ್ದರು. ಅವರನ್ನು ಮನೆಯಲ್ಲೇ ಉಳಿಸಿಕೊಳ್ಳಬೇಕಿತ್ತು. ಮಾರುಕಟ್ಟೆ ಸಂಶೋಧನೆಯ ಹೊಣೆಯಿದ್ದ ಡೇವಿಡ್ ವ್ಯಾಲೇಸ್ ಕೊಲಂಬಿಯಾ ವಿಶ್ವವಿದ್ಯಾಲಯದವರ ಮೂಲಕ ಪಿಯೋರಿಯಾ ಮತ್ತು ಸ್ಯಾನ್ ಬರ್ನಾರ್ಡಿನೊ ಊರುಗಳಲ್ಲಿ ಕಾರು ಕೊಂಡವರನ್ನು ತಲಾ 800ರಂತೆ ಮಾತನಾಡಿಸಿದರು. ಮೇಲೇರುತ್ತಿರುವ ಯುವ ಅಧಿಕಾರಿಯ, ವೃತ್ತಿಪರನ ಕುಟುಂಬಕ್ಕೆ ತಕ್ಕ ಜಾಣ ಕಾರು ಎಂಬ ತೀರ್ಮಾನಕ್ಕೆ ಬಂದರು. ಇಂಥ ಚಿತ್ರ ಕೈಗೆಟಕುವ ಕಚೇರಿಯಿಂದ ಹೊರಟ ಪತ್ರದಲ್ಲಿ ಕೊಳ್ಳುವವನ ನೆರಳೂ ಇಲ್ಲ.

ನಾನಾಗಿದ್ದರೆ ಮೂರ್‌ಗೆ ಹೀಗೆ ಬರೆಯುತ್ತಿದ್ದೆ: ‘ಕೊಳ್ಳುವವನಿಗೆ ಮೂವತ್ತರ ಆಸುಪಾಸು, ಈಗಷ್ಟೇ ಬಡ್ತಿ ಸಿಕ್ಕಿದೆ, ಇಂದು ಫೋರ್ಡ್ ಓಡಿಸುತ್ತಾನೆ, ನೆರೆಮನೆಯವನ ಬ್ಯೂಕ್ ನೋಡುತ್ತಾನೆ. ಅವನಿಗೆ ಏರಿದೆನೆಂಬ ಭಾವ ಬೇಕು, ಮೆರೆದನೆಂಬ ಅಪವಾದ ಬೇಡ. ಹೆಸರು ಒಂದೇ ಪದ, ಎರಡು ಮೂರು ಉಚ್ಚಾರದೊಳಗೆ; ಫೋನಿನಲ್ಲಿ ಒಮ್ಮೆ ಹೇಳಿದರೆ ಬರೆದುಕೊಳ್ಳುವಂತಿರಲಿ. ಮುಂದೆ ಫೋರ್ಡ್ ಇರುವುದಿಲ್ಲ. ಹಕ್ಕಿಯ ಹೆಸರು ಬೇಡ, ಥಂಡರ್‌ಬರ್ಡ್ ನಮ್ಮದೇ. ಸುಗಂಧ, ಒಡವೆ, ಹಡಗುಗಳ ಹೆಸರು ಬೇಡ.’ ಇಷ್ಟು ಓದಿದ್ದರೆ ಮೂರ್ ಆಮೆಯನ್ನು ತಾವೇ ಪಕ್ಕಕ್ಕಿಡುತ್ತಿದ್ದರು. ಪ್ರಾಸ, ಮಾತ್ರೆಗಳ ಕಟ್ಟಿನಲ್ಲೇ ಬದುಕಿದವರಿಗೆ ಕಟ್ಟು ಕೊಟ್ಟರೆ ಕೈ ನಡುಗುವುದಿಲ್ಲ. ಅವರ ಕವಿತೆಗಳೇ ಉಚ್ಚಾರಗಳನ್ನು ಎಣಿಸಿ ಕಟ್ಟಿದವು.

ಇನ್ನೊಂದು ಸಾಲು ಬೇಕಿತ್ತು, ಅದನ್ನು ಯಂಗ್ ಬರೆಯಲಾರದವರಾಗಿದ್ದರು: ಯಾರು ತೀರ್ಮಾನಿಸುತ್ತಾರೆ? ಜಾಹೀರಾತು ಸಂಸ್ಥೆ ಫುಟ್, ಕೋನ್ ಅಂಡ್ ಬೆಲ್ಡಿಂಗ್ ಸಾವಿರಗಟ್ಟಲೆ ಹೆಸರು ತಂದು ಸುರಿಯಿತು. ಬೀದಿಯಲ್ಲಿ ಜನರನ್ನು ನಿಲ್ಲಿಸಿ ಹೆಸರುಗಳ ಪರೀಕ್ಷೆಯೂ ನಡೆಯಿತು. ಕೋರ್ಸೇರ್, ಸೈಟೇಷನ್, ಪೇಸರ್, ರೇಂಜರ್ ಎಂಬ ನಾಲ್ಕು ಮುಂದೆ ಬಂದವು. ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಫೋರ್ಡ್ ಮಂಡಳಿಯ ಅಧ್ಯಕ್ಷ ಅರ್ನೆಸ್ಟ್ ಬ್ರೀಚ್ ಅವುಗಳಲ್ಲಿ ಯಾವುದನ್ನೂ ಮೆಚ್ಚದೆ, ಹೆನ್ರಿ ಫೋರ್ಡ್‌ನ ತೀರಿಹೋದ ಮಗನ ಹೆಸರನ್ನು ಎತ್ತಿಕೊಂಡರು. ಆ ನಾಲ್ಕು ಹೆಸರುಗಳನ್ನು ಎಡ್ಸೆಲ್‌ನ ಮಾದರಿಗಳಿಗೆ ಹಂಚಲಾಯಿತು.