ಐದು ಪರ್ಸೆಂಟಿನ ಹುಸಿ ಲೆಕ್ಕ

ಮನೆಯ ಎಸ್ಟಿಮೇಟಿನಲ್ಲಿ ಯಾರೂ ಪ್ರಶ್ನಿಸದ ಸಾಲೊಂದಿದ್ದರೆ ಅದು ವೇಸ್ಟೇಜ್. ಸಿಮೆಂಟಿಗೆ ಎರಡು ಮೂರು, ಕಬ್ಬಿಣಕ್ಕೆ ಮೂರರಿಂದ ಐದು, ಇಟ್ಟಿಗೆಗೂ ಟೈಲ್ಸಿಗೂ ಐದು ಪರ್ಸೆಂಟ್ ಎಂಬುದು ಎಲ್ಲರಿಗೂ ಬಾಯಿಪಾಠ. ನೂರಾರು ಮನೆಗಳ ಬಡಾವಣೆಗೆ ಈ ಸರಾಸರಿ ಹೊಂದೀತು. ತೂಬಗೆರೆಯಲ್ಲಿ ಒಂದೇ ಮನೆ ಕಟ್ಟಿಸುವವರಿಗೆ ಇದು ಲೆಕ್ಕವಲ್ಲ, ಬರೀ ಧೈರ್ಯ.

ಒಂದು ಕೋಣೆಯನ್ನು ತೆಗೆದುಕೊಳ್ಳೋಣ: 11 ಅಡಿ ಅಗಲ, 13 ಅಡಿ ಉದ್ದ. ಅಂಗಡಿಯವರು 'ಎರಡಡಿ' ಎಂದು ಮಾರುವ ಟೈಲು ನಿಜಕ್ಕೆ 600 ಮಿಲಿಮೀಟರ್, ಅಂದರೆ ಇಪ್ಪತ್ತನಾಲ್ಕು ಇಂಚಿಗೆ ಸ್ವಲ್ಪ ಕಮ್ಮಿ. 143 ಚದರಡಿಗೆ 37 ಟೈಲು, ಐದು ಪರ್ಸೆಂಟ್ ಸೇರಿದರೆ 39. ಕಾಗದದ ಮೇಲೆ ಎಲ್ಲ ಸರಿ. ಆದರೆ ಬಾಗಿಲ ಕಡೆಯ ಮೂಲೆಯಿಂದ ಇಡೀ ಟೈಲು ಹಾಸುತ್ತ ಹೋದರೆ, ಅಗಲಕ್ಕೆ ಐದು, ಉದ್ದಕ್ಕೆ ಆರು ಕೂತಮೇಲೆ ಎರಡೂ ಕಡೆ ಹದಿನಾಲ್ಕು ಇಂಚಿನಷ್ಟು ಜಾಗ ಉಳಿಯುತ್ತದೆ. ಅದು ಅರ್ಧ ಟೈಲಿಗಿಂತ ಹೆಚ್ಚು. ಹಾಗಾಗಿ ಒಂದು ಟೈಲಿನಿಂದ ಎರಡು ತುಂಡು ಬರುವುದಿಲ್ಲ; ಪ್ರತಿ ತುಂಡಿಗೂ ಒಂದೊಂದು ಇಡೀ ಟೈಲು ಬೇಕು. ಆರು ಸಾಲು, ಏಳು ಸಾಲು: ಒಟ್ಟು 42. ಮೂರು ಕಮ್ಮಿಬಿತ್ತು.

ಹಾಗಾದರೆ ಹತ್ತು ಪರ್ಸೆಂಟ್ ಇಟ್ಟರಾಯಿತಲ್ಲ ಎನ್ನುವ ವಿಮರ್ಶಕರಿದ್ದಾರೆ. ಅವರು ಸಂಖ್ಯೆ ಬದಲಿಸುತ್ತಾರೆ, ತಪ್ಪನ್ನಲ್ಲ. ಕತ್ತರಿಸಿ ಉಳಿದ ತುಂಡುಗಳನ್ನು ಅವರು ನೋಡುವುದೇ ಇಲ್ಲ. ಹನ್ನೆರಡು ಟೈಲುಗಳಿಂದಲೂ ಹತ್ತು ಇಂಚಿನಷ್ಟು ಅಗಲದ ಪಟ್ಟಿ ಉಳಿಯುತ್ತದೆ. ಪ್ರತಿ ಪಟ್ಟಿಯಿಂದ ನಾಲ್ಕಿಂಚಿನ ಎರಡು ಸ್ಕರ್ಟಿಂಗ್ ತುಂಡು ಬಂದರೆ 24 ಆಯಿತು. ಬಾಗಿಲು ಕಳೆದು ಗೋಡೆಯ ಸುತ್ತಳತೆ 45 ಅಡಿ, ಅದಕ್ಕೆ ಬೇಕಾದದ್ದು 23! ಎಸ್ಟಿಮೇಟು ಇದೇ ಸ್ಕರ್ಟಿಂಗಿಗೆ ಬೇರೆ ಐದು ಟೈಲು ಬರೆದು 44 ಎನ್ನುತ್ತದೆ. ಪಟ್ಟಿಗಳನ್ನು ಜೋಪಾನ ಮಾಡುವ ಮೇಸ್ತ್ರಿಗೆ 42 ಸಾಕು. ಎಸೆಯುವವನಿಗೆ 47 ಬೇಕು. ನಡುವಿನ 44 ಇಬ್ಬರಿಗೂ ಸುಳ್ಳು.

ಕಬ್ಬಿಣದಲ್ಲೂ ಇದೇ ಜಾತಿಯ ತಪ್ಪು: 12 ಮೀಟರಿನ ಸರಳಿನಿಂದ 4.1 ಮೀಟರಿನ ತುಂಡು ಎರಡೇ ಬರುತ್ತವೆ, ಉಳಿದ 3.8 ಮೀಟರು ಲಿಂಟಲ್ಲಿಗೆ ಹೋಯಿತೋ ಗುಜರಿಗೋ ಎಂಬುದೇ ವೇಸ್ಟೇಜು. ಸಿಮೆಂಟಿನದು ಬೇರೆ ಕಥೆ. ಗೋಡೆ ಓರೆಯಿದ್ದು 12 ಮಿಲಿಮೀಟರಿನ ಪ್ಲಾಸ್ಟರು 18 ಆದರೆ ಗಾರೆ ಅರ್ಧಪಟ್ಟು ಹೆಚ್ಚು ಹಿಡಿಯುತ್ತದೆ. ಅದನ್ನು ವೇಸ್ಟೇಜಿಗೆ ಬರೆಯುವುದು ಇಟ್ಟಿಗೆ ಕೆಲಸದ ದೋಷವನ್ನು ಮುಚ್ಚುವುದು. ಇಟ್ಟಿಗೆಗೆ ಮಾತ್ರ ಪರ್ಸೆಂಟು ಸ್ವಲ್ಪ ಸಲ್ಲುತ್ತದೆ, ಅದೂ ಲೋಡು ಇಳಿಸಿದಮೇಲೆ ಒಡೆದದ್ದನ್ನು ಎಣಿಸಿದರೆ.

ಪರ್ಸೆಂಟು ಒಡಕಿಗೆ ಸಲ್ಲಬಹುದು, ಕತ್ತರಿಗೆ ಸಲ್ಲದು. ಮೊದಲು ಕೋಣೆಕೋಣೆಯ ಟೈಲು ಬರೆದು ಎಣಿಸಬೇಕು, ಆಮೇಲೆ ಒಡಕಿಗೆಂದು ಒಂದು ಬಾಕ್ಸು, ಅದೇ ಬ್ಯಾಚಿನದು, ಬೇರೆ ಸಾಲಿನಲ್ಲಿ ಸೇರಿಸಬೇಕು. ಹಾಗೆ ಎಣಿಸದ ಎಸ್ಟಿಮೇಟಿಗೆ ಸಹಿ ಹಾಕಬಾರದು.