ಬಿಳಿಚಿದ ಮುಖ ಎಲ್ಲಿ ಅಡಗಿದೆ

ಫೈಬರ್ ಪೇಪರನ್ನು ಸುರುಟದಂತೆ ಒಣಗಿಸುವುದು ಹೇಗೆಂದು ಈ ವಾರ ಬರೆಯುವುದಾಗಿ ಮಾತು ಕೊಟ್ಟಿದ್ದೆ. ಅದು ಮುಂದಿನ ವಾರಕ್ಕಿರಲಿ. ಭಾನುವಾರ ಓದುಗರೊಬ್ಬರು ತಂದು ಮೇಜಿನ ಮೇಲಿಟ್ಟ ಒಂದು ಕಪ್ಪು ಬಿಳುಪು ಪ್ರಿಂಟು ನನ್ನನ್ನು ಬಿಡುತ್ತಿಲ್ಲ.

ಅವರ ತಂದೆ ಬೇಲೂರು ದೇವಸ್ಥಾನದ ಅಂಗಳದಲ್ಲಿ ನಿಂತಿದ್ದಾರೆ. ಪಂಚೆ, ಮುಖ, ಆಕಾಶ ಮೂರೂ ಒಂದೇ ಬಿಳಿ. ಕಣ್ಣಿನ ಜಾಗದಲ್ಲಿ ಎರಡು ಬೂದು ಚುಕ್ಕೆ, ಅಷ್ಟೆ. ‘ಸ್ಟುಡಿಯೋದವರು ಮುಖ ಬರೆದುಕೊಡುತ್ತೇವೆ, ಆಕಾಶಕ್ಕೆ ಮೋಡ ಹಾಕುತ್ತೇವೆ ಅಂದರು ಸಾರ್, ಹಾಕಿಸಲಾ?’ ಎಂದು ಕೇಳಿದರು. ಬೇಡ, ಮೊದಲು ನೆಗೆಟಿವ್ ಹುಡುಕಿ ಅಂದೆ. ಮರುದಿನ ಟ್ರಂಕಿನ ತಳದಿಂದ ಹಳೆಯ ಕವರು ಹೊರಬಂತು: ಓರ್ವೊ ಎನ್‌ಪಿ 22, ನಮ್ಮಲ್ಲಿ ಒಂದು ಕಾಲಕ್ಕೆ ಊರೂರಲ್ಲಿ ಸಿಗುತ್ತಿದ್ದ ಪೂರ್ವ ಜರ್ಮನಿಯ 125 ಎಎಸ್‌ಎ ಫಿಲ್ಮು.

ಆಗಿದ್ದೇನೆಂದು ಪಕ್ಕದ ಫ್ರೇಮೇ ಹೇಳಿತು. ಅದು ಮಂಟಪದ ನೆರಳಿನಲ್ಲಿ ತೆಗೆದದ್ದು, ಸರಿಯಾಗಿ ಬಂದಿದೆ. ನೆರಳಿಗೆ ಹೊಂದಿಸಿದ್ದ ಕ್ಯಾಮೆರಾವನ್ನು ಬದಲಿಸದೆ ಬಿಸಿಲಿನಲ್ಲೂ ಕ್ಲಿಕ್ಕಿಸಿರಬೇಕು. ನೆರಳಿಗೆ 1/60 ಸೆಕೆಂಡು, ಎಫ್ 5.6 ಇಟ್ಟಿದ್ದರೆನ್ನಿ, ಈ ಫಿಲ್ಮಿಗೆ ಬಿಸಿಲಿನಲ್ಲಿ ಬೇಕಿದ್ದದ್ದು 1/125, ಎಫ್ 16. ನಾಲ್ಕು ಸ್ಟಾಪು, ಅಂದರೆ ಹದಿನಾರು ಪಟ್ಟು ಬೆಳಕು ಹೆಚ್ಚಾಯಿತು. ಕಪ್ಪು ಬಿಳುಪು ಫಿಲ್ಮು ಅಷ್ಟನ್ನು ತಡೆದುಕೊಳ್ಳುತ್ತದೆ. ಬೆಳಕು ಹೆಚ್ಚಾದಲ್ಲಿ ಬೆಳ್ಳಿ ದಟ್ಟವಾಗಿ ಕೂರುತ್ತದೆ, ಮುಖದ ವಿವರವೂ ಆ ದಟ್ಟದೊಳಗೇ ಇರುತ್ತದೆ. ಅದನ್ನು ಕಳೆದದ್ದು ಫಿಲ್ಮಲ್ಲ, ಎಲ್ಲ ಫ್ರೇಮಿಗೂ ಒಂದೇ ಸಮಯ ಕೊಟ್ಟು ಮಾಡಿದ ಪ್ರಿಂಟು. ಆ ಪ್ರಿಂಟಿನಲ್ಲಿ ಕಂಬದ ಸಂದಿನ ನೆರಳು ಕೂಡ ಬೂದುಬಣ್ಣಕ್ಕೇ ನಿಂತಿದೆ, ನಿಜವಾದ ಕಪ್ಪು ಎಲ್ಲೂ ಇಲ್ಲ.

ನೆಗೆಟಿವನ್ನು ಪ್ರಬಲ ಬಲ್ಬಿನ ಮುಂದೆ ಹಿಡಿದು ಲೂಪಿನಲ್ಲಿ ನೋಡಿದೆ. ಮುಖ ಕಲ್ಲಿದ್ದಲಿನಷ್ಟು ಕಪ್ಪು, ಆದರೂ ಮೂಗಿನ ಪಕ್ಕದ ನೆರಳು, ಮೀಸೆ, ರೆಪ್ಪೆಯ ಗೆರೆ ಬೇರೆಬೇರೆಯಾಗಿ ಕಂಡವು. ಅಷ್ಟು ಕಂಡರೆ ಪೇಪರಿಗೂ ತರಬಹುದು.

ಎನ್‌ಲಾರ್ಜರಿನಲ್ಲಿ ಮಾಮೂಲಿ ಹತ್ತು ಸೆಕೆಂಡು ಸಾಲಲಿಲ್ಲ. 28 ಸೆಕೆಂಡಿಗೆ ಕಂಬದ ಸಂದು ಕಪ್ಪಾಯಿತು, ಕಲ್ಲು ಕಲ್ಲಿನಂತಾಯಿತು, ಮುಖ ಇನ್ನೂ ಸಪ್ಪೆ. ಆಮೇಲೆ ಕಡಲೆಬೀಜದಷ್ಟು ತೂತಿರುವ ರಟ್ಟು ಹಿಡಿದು, ಮಲ್ಟಿಗ್ರೇಡ್ ಪೇಪರಿಗೆ 0 ನಂಬರಿನ ಮೆದು ಫಿಲ್ಟರು ಹಾಕಿ, ಮುಖಕ್ಕಷ್ಟೇ 20 ಸೆಕೆಂಡು ಬರ್ನಿಂಗ್ ಕೊಟ್ಟೆ. ಮೆದು ಫಿಲ್ಟರೇ ಏಕೆಂದರೆ, ಗಟ್ಟಿ ಫಿಲ್ಟರಿನಲ್ಲಿ ಹಣೆ ಬಿಳಿಯಾಗಿಯೇ ಉಳಿದು ಮೀಸೆ ಮಾತ್ರ ಕಪ್ಪಾಗುತ್ತದೆ. ರಟ್ಟು ಒಂದೇ ಕಡೆ ನಿಲ್ಲಬಾರದು; ನಿಂತರೆ ತಲೆಯ ಸುತ್ತ ಮಸಿಯ ಉಂಗುರ ಮೂಡುತ್ತದೆ. ಗೋಪುರದ ಅಂಚಿನ ಆಕಾರಕ್ಕೆ ಕತ್ತರಿಸಿದ ಇನ್ನೊಂದು ರಟ್ಟು ಹಿಡಿದು ಆಕಾಶಕ್ಕೆ ಒಂದು ನಿಮಿಷ ಕೊಟ್ಟೆ. ಡೆವಲಪರಿನಲ್ಲಿ ಮೊದಲು ಕಲ್ಲು ಎದ್ದಿತು, ಬಹಳ ತಡವಾಗಿ ಕಣ್ಣು. ಆಕಾಶದಲ್ಲಿ ತೆಳು ಬೂದು ಮೂಡಿತು, ಮೋಡ ಮೂಡಲಿಲ್ಲ. ಆ ದಿನ ಅಲ್ಲಿ ಮೋಡವಿರಲಿಲ್ಲ.

ಮೋಡ ಅಂಟಿಸುವವರೊಂದಿಗೆ ನನ್ನ ಜಗಳ ಹಳೆಯದು. ಆನ್ಸೆಲ್ ಆಡಮ್ಸ್ 1941ರಲ್ಲಿ ತೆಗೆದ ‘ಮೂನ್‌ರೈಸ್, ಹೆರ್ನಾಂಡೆಜ್’ ಚಿತ್ರವನ್ನು ದಶಕಗಳ ಕಾಲ ಮತ್ತೆ ಮತ್ತೆ ಪ್ರಿಂಟು ಮಾಡಿದರು. ಬರ್ನಿಂಗ್ ಮಾಡಿ ಮಾಡಿ ಅದರ ಆಕಾಶವನ್ನು ಕಪ್ಪಿನ ಸಮೀಪಕ್ಕೆ ಒಯ್ದರು, ಇಲ್ಲದ ಮೋಡವನ್ನು ತಂದು ಸೇರಿಸಲಿಲ್ಲ. ಇರುವುದನ್ನು ಎತ್ತಿ ತೋರಿಸುವುದು ಬೇರೆ, ಇಲ್ಲದ್ದನ್ನು ಬರೆಯುವುದು ಬೇರೆ. ಬರೆದ ಮುಖ ಆ ಮಗನ ತಂದೆಯದಲ್ಲ, ಬರೆದವನ ಕೈಯದು.

ನೆಗೆಟಿವ್ ಇಲ್ಲದಿದ್ದರೆ? ಬಿಳಿ ಅಂಚಿರುವ ಪ್ರಿಂಟಾದರೆ ಒಂದು ಪರೀಕ್ಷೆಯಿದೆ. ರಟ್ಟಿನಲ್ಲಿ ಎರಡು ತೂತು ಮಾಡಿ, ಒಂದರಲ್ಲಿ ಕೆನ್ನೆ, ಇನ್ನೊಂದರಲ್ಲಿ ಪ್ರಿಂಟಿನ ಬಿಳಿ ಅಂಚು ಕಾಣುವಂತೆ ಇಡಿ. ಅಂಚಿಗೆ ಬೆಳಕೇ ತಗುಲಿಲ್ಲ, ಅದು ಬರೀ ಪೇಪರಿನ ಬಿಳಿ. ಕೆನ್ನೆ ಅದಕ್ಕಿಂತ ಕೂದಲೆಳೆಯಷ್ಟು ಬೂದಾಗಿದ್ದರೂ ಆಸೆಯಿದೆ. ಸ್ಕ್ಯಾನರಿನ ಆಟೋ ಆಫ್ ಮಾಡಿ, 16 ಬಿಟ್ಟಿನಲ್ಲಿ ಸ್ಕ್ಯಾನ್ ಮಾಡಿ. ಪ್ರಿಂಟು ಹಳದಿಯಾಗಿ ಮಾಸಿದ್ದರೆ ನೀಲಿ ಚಾನೆಲ್ ನೋಡಿ, ಹಳದಿ ನೀಲಿಯನ್ನು ನುಂಗುವುದರಿಂದ ಅಳಿದುಳಿದ ವಿವರ ಅಲ್ಲೇ ದಟ್ಟವಾಗಿ ಕಾಣುತ್ತದೆ. ಆ ಚಾನೆಲ್ಲಿನ ಒಂದು ಪ್ರತಿಯನ್ನು Multiply ಲೇಯರಾಗಿ ಮುಖದ ಮೇಲಷ್ಟೇ ಇಡಿ. ಮುಖ ಒಂದೇ ಸಮನೆ ಬೂದಾಗಿ, ಬೂದಿ ಬಳಿದಂತಾದರೆ ಅಲ್ಲಿಗೆ ನಿಲ್ಲಿಸಿ. ಕೆನ್ನೆಯೂ ಅಂಚೂ ಒಂದೇ ಬಿಳಿಯಾಗಿದ್ದರೆ ಆ ಪ್ರಿಂಟಿನಲ್ಲಿ ಮುಖವಿಲ್ಲ.

ಆದ್ದರಿಂದ, ಮನೆ ಖಾಲಿ ಮಾಡುವಾಗ ಆಲ್ಬಮ್ಮಿನ ಜೊತೆ ಆ ಕಂದುಬಣ್ಣದ ನೆಗೆಟಿವ್ ಕವರನ್ನೂ ದಯವಿಟ್ಟು ಎತ್ತಿಡಿ.